ಬಹುಳ ಪಂಚಮಿಯಲ್ಲಿ ಹುಟ್ಟಿದವರ ಚಂದ್ರ ಕ್ಷೀಣವೇ? ಜೋಡಿಯ ಸ್ವಭಾವಕ್ಕೆ ಪಕ್ಷವನ್ನು ಹೇಗೆ ಓದುತ್ತೀರಿ?

ಹೊಸಬಾಳು

ಎಲ್ಲರಿಗೂ ನಮಸ್ಕಾರ. ನನಗೆ ಮದುವೆ ಗೊತ್ತಾಗಿದೆ. ಕೂಟದಲ್ಲಿ ತೊಂದರೆ ಇಲ್ಲ, 36ಕ್ಕೆ 18 ದಾಟಿ ಆರಾಮಾಗಿ ಬಂದಿದೆ. ಎರಡೂ ಮನೆಯವರಿಗೆ ಒಪ್ಪಿಗೆ. ಆಮೇಲೆ ನಮ್ಮ ಬಳಗದ ಹಿರಿಯರೊಬ್ಬರು ಎರಡೂ ಜಾತಕ ಮತ್ತೊಮ್ಮೆ ನೋಡಿ ಒಂದು ಮಾತು ಹೇಳಿದರು. "ಹುಡುಗ ಶುಕ್ಲ ದಶಮಿ, ಹುಡುಗಿ ಬಹುಳ ಪಂಚಮಿ. ಇವನ ಚಂದ್ರ ಬೆಳೀತಿದ್ದಾನೆ, ಅವಳ ಚಂದ್ರ ಕ್ಷೀಣ. ಇವನ ಮನಸ್ಸು ಅರಳುತ್ತಾ ಹೋಗುತ್ತೆ, ಅವಳದ್ದು ಕುಗ್ಗುತ್ತಾ ಹೋಗುತ್ತೆ. ಮುಂದೆ ಹೊಂದಾಣಿಕೆ ಕಷ್ಟ."

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಯಾಕೆಂದರೆ ಒಂದು ವಿಷಯ ನಾನೂ ಗಮನಿಸಿದ್ದೇನೆ. ಏನಾದರೂ ಮನಸ್ತಾಪ ಬಂದರೆ ನನಗೆ ಆಗಲೇ ಕೂತು ಮಾತಾಡಿ ಮುಗಿಸಬೇಕು. ಅವಳು ಸುಮ್ಮನಾಗಿಬಿಡುತ್ತಾಳೆ. ನಾನು "ಏನಾಯ್ತು, ಹೇಳು" ಅಂತ ಕೇಳಿದಷ್ಟೂ ಅವಳ ಉತ್ತರ ಚಿಕ್ಕದಾಗುತ್ತೆ. "ಏನಿಲ್ಲ." "ಆಮೇಲೆ ಹೇಳ್ತೀನಿ." ಮಾರನೇ ದಿನ ತಾನಾಗಿಯೇ ಮಾತು ತೆಗೆದು ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ, ಅದೂ ಸ್ವಲ್ಪವೂ ಸಿಟ್ಟಿಲ್ಲದೆ. ಇದನ್ನೇ ಅವರು ಕುಗ್ಗುವುದು ಅಂದಿದ್ದಾ? ತಿಳಿದವರು ಹೇಳಿ.

ಜಾತಕಸೇವಕ

ನಿಮ್ಮ ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ಚಂದ್ರ ಮನಸ್ಸಿನ ಕಾರಕ. ಶುಕ್ಲ ಪಕ್ಷದ ಚಂದ್ರ ಶುಭ, ಕೃಷ್ಣ ಪಕ್ಷದ ಚಂದ್ರ ಪಾಪ. ಕ್ಷೀಣ ಚಂದ್ರನನ್ನು ರವಿ, ಕುಜ, ಶನಿಯ ಸಾಲಿಗೆ ಸೇರಿಸಿದವರು ವರಾಹಮಿಹಿರರೇ. ಬಹುಳದಲ್ಲಿ ಹುಟ್ಟಿದವರು ಮಾತು ಒಳಗೇ ಇಟ್ಟುಕೊಳ್ಳುತ್ತಾರೆ, ಬೇಗ ಬೇಜಾರಾಗುತ್ತಾರೆ. ನಾನು ನೋಡಿದ ಜಾತಕಗಳಲ್ಲಿ ಇದು ಬಹಳ ಸಲ ಹೊಂದಿದೆ. ಹುಡುಗಿಗೆ ಮುತ್ತು ಹಾಕಿಸಿ, ಸೋಮವಾರ ಚಂದ್ರನ ಜಪ ಮಾಡಿಸಿ. ಹೆದರಬೇಕಾದ್ದು ಏನಿಲ್ಲ.

ತಿಥಿಲೆಕ್ಕ

ಮುತ್ತಿನ ಮಾತು ಆಮೇಲೆ ನೋಡೋಣ. ಹೊಸಬಾಳು ಅವರೇ, ಮೊದಲು ಎರಡು ವಿಷಯ ಹೇಳಿ. ಬಹುಳ ಪಂಚಮಿ ಅಂತ ಯಾರು ಹೇಳಿದ್ದು? ಜಾತಕದಲ್ಲಿ ಬರೆದಿದೆಯಾ, ಇಲ್ಲ ಆ ದಿನದ ಕ್ಯಾಲೆಂಡರ್ ನೋಡಿ ಹೇಳಿದ್ದಾ? ಕ್ಯಾಲೆಂಡರ್ ತೋರಿಸುವುದು ಸೂರ್ಯೋದಯದ ಹೊತ್ತಿನ ತಿಥಿ. ಸಂಜೆ ಹುಟ್ಟಿದ್ದರೆ ಅಷ್ಟರಲ್ಲಿ ಮುಂದಿನ ತಿಥಿ ಬಂದಿರಬಹುದು. ನಮಗೆ ಬೇಕಾದ್ದು ಹುಟ್ಟಿದ ಗಳಿಗೆಯ ತಿಥಿ.

ಎರಡನೆಯದು, ಇಬ್ಬರ ಜಾತಕದಲ್ಲೂ ರವಿ ಸ್ಫುಟ, ಚಂದ್ರ ಸ್ಫುಟ ಅಂತ ರಾಶಿ ಮತ್ತು ಡಿಗ್ರಿ ಇರುತ್ತೆ. ಆ ನಾಲ್ಕು ಅಂಕಿ ಇಲ್ಲಿ ಹಾಕಿ. ಹುಟ್ಟಿದ ದಿನ, ಊರು ಏನೂ ಬೇಡ. ಹಾಕಲೂ ಬೇಡಿ.

ಹೊಸಬಾಳು

ಜಾತಕದಲ್ಲೇ ಇದೆ ಸರ್. ನನ್ನದು ರವಿ ಮೇಷದಲ್ಲಿ 24 ಡಿಗ್ರಿ, ಚಂದ್ರ ಸಿಂಹದಲ್ಲಿ 18. ಅವಳದು ರವಿ ಕುಂಭದಲ್ಲಿ 20, ಚಂದ್ರ ತುಲಾದಲ್ಲಿ 14. ಕಲೆಗಳನ್ನು ಬಿಟ್ಟಿದ್ದೇನೆ.

ಶುಭಮುಹೂರ್ತ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಮದುವೆಯನ್ನ ಶುಕ್ಲ ಪಕ್ಷದಲ್ಲಿ ಇಟ್ಟುಕೊಳ್ಳಿ, ಆಯಿತು. ಬೆಳೆಯುವ ಚಂದ್ರನಲ್ಲಿ ಶುರು ಮಾಡಿದ್ದು ಬೆಳೆಯುತ್ತೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು.

ತಿಥಿಲೆಕ್ಕ

ಶುಭಮುಹೂರ್ತ ಅವರೇ, ನೀವು ಹೇಳುತ್ತಿರುವುದು ಮದುವೆಯ ದಿನದ ಚಂದ್ರ. ಇವರು ಕೇಳಿದ್ದು ಹುಟ್ಟಿದಾಗಿನ ಚಂದ್ರ. ಮುಹೂರ್ತ ಎಷ್ಟು ಒಳ್ಳೆಯದಿದ್ದರೂ ಇಬ್ಬರ ಹುಟ್ಟು ಸ್ವಭಾವ ಬದಲಾಗಲ್ಲ ಅಲ್ವಾ. ಅದನ್ನ ಬೇರೆಯಾಗಿಯೇ ಓದಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ. ಒಂದೊಂದು ರಾಶಿ 30 ಡಿಗ್ರಿ. ಮೇಷದ ಮೊದಲಿನಿಂದ ಎಣಿಸಿದರೆ ಹುಡುಗನ ರವಿ 24ರಲ್ಲಿದ್ದಾನೆ. ಸಿಂಹಕ್ಕೆ ಮೊದಲು ನಾಲ್ಕು ರಾಶಿ ಕಳೆದಿರುತ್ತೆ, ಹಾಗಾಗಿ ಚಂದ್ರ 120 ಮತ್ತು 18, ಅಂದರೆ 138ರಲ್ಲಿ. ಚಂದ್ರನಿಂದ ರವಿಯನ್ನು ಕಳೆಯಿರಿ, 114 ಡಿಗ್ರಿ ಬಂತು. ತಿಥಿಗೆ 12 ಡಿಗ್ರಿಯಂತೆ ಒಂಬತ್ತು ತಿಥಿ ಮುಗಿದು ಹತ್ತನೆಯದು ಅರ್ಧ ಆಗಿದೆ. ಶುಕ್ಲ ದಶಮಿ ಸರಿಯಾಗಿಯೇ ಇದೆ.

ಹುಡುಗಿಯ ರವಿ 320ರಲ್ಲಿ, ಚಂದ್ರ 194ರಲ್ಲಿ. ಕಳೆದರೆ ಸಾಲುವುದಿಲ್ಲ, ಅದಕ್ಕೆ 360 ಸೇರಿಸಿ ಕಳೆಯಬೇಕು. 234 ಬರುತ್ತೆ. ಇಪ್ಪತ್ತನೇ ತಿಥಿಯ ಮಧ್ಯ, ಅಂದರೆ ಬಹುಳ ಪಂಚಮಿ. ಇದೂ ಸರಿ. ಇಲ್ಲಿ ಜನ ಮಾಡುವ ಎಡವಟ್ಟು ಒಂದಿದೆ. ರವಿಯಿಂದ ಚಂದ್ರನನ್ನು ಕಳೆದುಬಿಡುತ್ತಾರೆ. ಹಾಗೆ ಮಾಡಿದರೆ ಹುಡುಗನಿಗೆ 246 ಬರುತ್ತೆ, ಶುಕ್ಲದವನು ಬಹುಳದವನಾಗುತ್ತಾನೆ. ಕೈಯಲ್ಲಿ ಲೆಕ್ಕ ಹಾಕಿದ ಜಾತಕದಲ್ಲಿ ಪಕ್ಷವೇ ತಲೆಕೆಳಗಾಗಿದ್ದರೆ ಕಾರಣ ಸಾಮಾನ್ಯವಾಗಿ ಇದೇ.

ಇನ್ನು ಬಲ. ಪಕ್ಷಬಲ ತೆಗೆಯುವ ರೂಢಿ ಹೀಗಿದೆ. ರವಿಗೂ ಚಂದ್ರನಿಗೂ ಇರುವ ಅಂತರ 180ರೊಳಗಿದ್ದರೆ ಅದನ್ನೇ 3ರಿಂದ ಭಾಗಿಸಿ. 180 ದಾಟಿದ್ದರೆ 360ರಿಂದ ಕಳೆದು ಆಮೇಲೆ ಭಾಗಿಸಿ. ಹುಣ್ಣಿಮೆಗೆ 60, ಅಮಾವಾಸ್ಯೆಗೆ ಸೊನ್ನೆ. ಹುಡುಗನಿಗೆ 114ನ್ನು 3ರಿಂದ ಭಾಗಿಸಿದರೆ 38. ಹುಡುಗಿಗೆ 360ರಿಂದ 234 ಕಳೆದರೆ 126, ಅದನ್ನು 3ರಿಂದ ಭಾಗಿಸಿದರೆ 42.

ನೋಡಿ, "ಕ್ಷೀಣ" ಅನ್ನಿಸಿಕೊಂಡ ಹುಡುಗಿಯ ಚಂದ್ರನಿಗೇ ಬಲ ಜಾಸ್ತಿ. ಆ ಹಿರಿಯರು ಪಕ್ಷ ನೋಡಿದರು, ಬಲ ನೋಡಲಿಲ್ಲ.

ಆಕಾಶನೋಟ

ನಾನು ಜ್ಯೋತಿಷ್ಯದವನಲ್ಲ, ಆಕಾಶ ನೋಡುವ ಹುಚ್ಚು. ಮೇಲಿನ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. 114 ಡಿಗ್ರಿ ಅಂತರದಲ್ಲಿ ಚಂದ್ರನ ಬಿಂಬದ ಸುಮಾರು 70 ಶೇಕಡಾ ಬೆಳಗಿರುತ್ತೆ. 234ರಲ್ಲಿ ಸುಮಾರು 79 ಶೇಕಡಾ. ಹಾಗಾಗಿ ಬರೀ ಬೆಳಕಿನ ಲೆಕ್ಕದಲ್ಲೂ ಹುಡುಗಿಯ ಚಂದ್ರನೇ ದೊಡ್ಡವನು.

ಇಬ್ಬರಿಗೂ ವ್ಯತ್ಯಾಸ ಇರುವುದು ಕಾಣುವ ಹೊತ್ತಿನಲ್ಲಿ. ಶುಕ್ಲ ದಶಮಿಯ ಚಂದ್ರ ಹೊತ್ತು ಮುಳುಗುವಾಗಲೇ ಆಕಾಶದಲ್ಲಿ ಮೇಲಿರುತ್ತಾನೆ. ಬಹುಳ ಪಂಚಮಿಯ ಚಂದ್ರ ಮೂಡುವುದೇ ಹೊತ್ತು ಮುಳುಗಿ ಮೂರು ನಾಲ್ಕು ಗಂಟೆಯ ಮೇಲೆ. ಆದರೆ ಬೆಳಗಾದರೂ ಪಶ್ಚಿಮದಲ್ಲಿ ಇನ್ನೂ ಕಾಣುತ್ತಿರುತ್ತಾನೆ.

ತಿಥಿಲೆಕ್ಕ

ಆಕಾಶನೋಟ ಅವರು ಹೇಳಿದ್ದು ನನಗೆ ತುಂಬಾ ಬೇಕಾದ ಮಾತು. ಸ್ವಭಾವ ಓದುವಾಗ ನಾನು ಎರಡು ವಿಷಯ ಬೇರೆ ಮಾಡಿ ಇಟ್ಟುಕೊಳ್ಳುತ್ತೇನೆ. ಒಂದು ಬೆಳಕು, ಇನ್ನೊಂದು ದಿಕ್ಕು. ಅಂದರೆ ಚಂದ್ರ ಎಷ್ಟು ತುಂಬಿದ್ದಾನೆ ಅನ್ನುವುದು ಬೇರೆ, ತುಂಬುತ್ತಿದ್ದಾನೋ ಕರಗುತ್ತಿದ್ದಾನೋ ಅನ್ನುವುದು ಬೇರೆ.

ಬೆಳಕಿನಿಂದ ಆ ವ್ಯಕ್ತಿ ಎಷ್ಟು ತಡೆದುಕೊಳ್ಳಬಲ್ಲರು ಅನ್ನುವುದನ್ನು ಓದುತ್ತೇವೆ. ಪಕ್ಷಬಲ ಚೆನ್ನಾಗಿರುವವರು ಇನ್ನೊಬ್ಬರ ಸಿಟ್ಟು, ಅಳು ಎದುರಿಗಿದ್ದರೂ ಕದಲದೆ ನಿಲ್ಲುತ್ತಾರೆ. ಅಮಾವಾಸ್ಯೆಯ ಹತ್ತಿರದವರಿಗೆ ಬೇರೆಯವರ ಮನಸ್ಥಿತಿ ಬೇಗ ಅಂಟುತ್ತೆ, ಬೇಗ ಸುಸ್ತಾಗುತ್ತಾರೆ. ಇದು ಅಮಾವಾಸ್ಯೆಯ ಎರಡೂ ಕಡೆಗೂ ಅನ್ವಯ. ಶುಕ್ಲ ಬಿದಿಗೆಯವರಿಗೂ ಅಷ್ಟೇ, ಬಹುಳ ತ್ರಯೋದಶಿಯವರಿಗೂ ಅಷ್ಟೇ.

ದಿಕ್ಕಿನಿಂದ ಓದುವುದು ಹೊತ್ತನ್ನು. ಬೆಳೆಯುವ ಚಂದ್ರನವರಿಗೆ ಭಾವನೆ ಹುಟ್ಟಿದ ತಕ್ಷಣ ಹೊರಗೆ ಬರಬೇಕು. ಅದಕ್ಕೆ ಎದುರಿನವರ ಪ್ರತಿಕ್ರಿಯೆ ಸಿಕ್ಕರೇನೇ ಅವರಿಗೆ ತಮ್ಮ ಮನಸ್ಸು ಸ್ಪಷ್ಟವಾಗುವುದು. ಕರಗುವ ಚಂದ್ರನವರು ಮೊದಲು ಒಳಗೆ ಜೀರ್ಣಿಸಿಕೊಂಡು ಆಮೇಲೆ ಮಾತಾಡುತ್ತಾರೆ. ಅಷ್ಟು ಹೊತ್ತಿಗೆ ಅವರ ಪಾಲಿಗೆ ಅರ್ಧ ವಿಷಯ ಮುಗಿದಿರುತ್ತೆ.

ಹೊಸಬಾಳು ಅವರೇ, ಈಗ ನೀವು ಬರೆದದ್ದನ್ನೇ ಮತ್ತೆ ಓದಿ. ಮಾರನೇ ದಿನ ತಾನಾಗಿಯೇ ಬಂದು, ಸಿಟ್ಟಿಲ್ಲದೆ, ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ ಅಂದಿರಿ. ಕುಗ್ಗಿದ ಮನಸ್ಸು ಹಾಗೆ ಮಾಡಲ್ಲ. ಬಲ ಇರುವ ಚಂದ್ರ, ದಿಕ್ಕು ಮಾತ್ರ ಒಳಮುಖ. ಬಲ ಇಲ್ಲದಿದ್ದರೆ ನೀವು ಬೇರೆಯೇ ನೋಡುತ್ತಿದ್ದಿರಿ. ಮಾತು ಮಾರನೇ ದಿನವೂ ಬರುತ್ತಿರಲಿಲ್ಲ. ಅಥವಾ ಬಂದರೂ ಅಳುವಿನಲ್ಲಿ ನಿಂತುಹೋಗುತ್ತಿತ್ತು, ಇಲ್ಲವೇ ಎಷ್ಟೋ ದಿನದ ಮೇಲೆ ಬೇರೆ ಯಾವುದೋ ವಿಷಯಕ್ಕೆ ಸಿಡಿಯುತ್ತಿತ್ತು. ಕ್ಷೀಣ ಚಂದ್ರನೋ ಅಲ್ಲವೋ ಅಂತ ಬದುಕಿನಲ್ಲಿ ಪರೀಕ್ಷಿಸುವುದು ಹೀಗೆ. ಮೌನ ಎಷ್ಟು ಹೊತ್ತು ಇತ್ತು ಅನ್ನುವುದು ಮುಖ್ಯ ಅಲ್ಲ. ಮೌನದ ಆಚೆ ಏನು ಬಂತು ಅಂತ ನೋಡಬೇಕು.

ಜಾತಕಸೇವಕ

ಲೆಕ್ಕ ಒಪ್ಪಿದೆ. ಆದರೆ ಶಾಸ್ತ್ರ ಬಿಟ್ಟು ಹೋಗುವುದು ಸರಿಯಲ್ಲ. ವರಾಹಮಿಹಿರರು ಕ್ಷೀಣ ಚಂದ್ರ ಪಾಪ ಅಂದಮೇಲೆ ಕೃಷ್ಣ ಪಕ್ಷದ ಚಂದ್ರ ಪಾಪವೇ ಅಲ್ಲವೇ? ಕರಗಲು ಶುರುವಾದ ದಿನದಿಂದಲೇ ಕ್ಷೀಣ. ಪಾಡ್ಯದಿಂದಲೇ ಹಾಗೆ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ, ಅವರೂ ಓದಿಕೊಂಡವರೇ.

ತಿಥಿಲೆಕ್ಕ

ಹಾಗೆ ಹಿಡಿಯುವವರು ಇದ್ದಾರೆ, ಇಲ್ಲ ಅನ್ನಲ್ಲ. ಇಲ್ಲಿ ಒಂದೇ ಮತ ಇಲ್ಲ. ನಿಮ್ಮ ಹಾಗೆ ಬಹುಳ ಪಾಡ್ಯದಿಂದಲೇ ಪಾಪ ಅನ್ನುವುದು ಒಂದು. ಶುಕ್ಲ ಅಷ್ಟಮಿಯಿಂದ ಬಹುಳ ಅಷ್ಟಮಿಯವರೆಗೆ ಬಲ, ಉಳಿದದ್ದು ಕ್ಷೀಣ ಅನ್ನುವುದು ಇನ್ನೊಂದು. ಯವನರ ಹೆಸರಿನಲ್ಲಿ ಬಂದ ಮೂರನೆಯ ಲೆಕ್ಕವೂ ಇದೆ. ಶುಕ್ಲ ಪಾಡ್ಯದಿಂದ ಮೊದಲ ಹತ್ತು ದಿನ ಮಧ್ಯಮ ಬಲ, ನಡುವಿನ ಹತ್ತು ದಿನ ಪೂರ್ಣ ಬಲ, ಕೊನೆಯ ಹತ್ತು ದಿನ ಕಡಿಮೆ.

ಈ ಮೂರನೆಯದರಲ್ಲಿ ಈ ಜೋಡಿಯನ್ನು ಇಟ್ಟು ನೋಡಿ. ಹುಡುಗ ಹತ್ತನೇ ತಿಥಿ, ಮೊದಲ ಹತ್ತರ ಕೊನೆಯಲ್ಲಿ. ಹುಡುಗಿ ಇಪ್ಪತ್ತನೇ ತಿಥಿ, ನಡುವಿನ ಹತ್ತರ ಕೊನೆಯಲ್ಲಿ. ಅಲ್ಲೂ ಹುಡುಗಿಗೇ ಹೆಚ್ಚು ಬಲ. ಅಷ್ಟಮಿಯ ಲೆಕ್ಕದಲ್ಲಿ ಇಬ್ಬರೂ ಸಮ. ನಿಮ್ಮ ಮತದಲ್ಲಿ ಮಾತ್ರ ಹುಡುಗಿ ಹಿಂದೆ ಬೀಳುತ್ತಾಳೆ.

ಇನ್ನೊಂದು ಮಾತು. ನಿಮ್ಮ ಮತವನ್ನೇ ಹಿಡಿದರೆ ಬಹುಳ ಪಾಡ್ಯದ ಚಂದ್ರ, ಹುಣ್ಣಿಮೆ ಮುಗಿದ ಮಾರನೇ ರಾತ್ರಿಯ ಚಂದ್ರ, ಪಾಪ. ಶುಕ್ಲ ಪಾಡ್ಯದ ಚಂದ್ರ, ಕಣ್ಣಿಗೇ ಕಾಣದ ಚಂದ್ರ, ಶುಭ. ಗ್ರಹವನ್ನು ಪಾಪ ಅಥವಾ ಶುಭ ಅಂತ ಗುಂಪಿಗೆ ಸೇರಿಸಲು ಆ ಗೆರೆ ನಡೆಯಬಹುದು. ಸ್ವಭಾವಕ್ಕೆ ಅದನ್ನು ಹಾಗೇ ಎಳೆದು ತಂದರೆ ಹುಟ್ಟಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಮನಸ್ಸನ್ನು ಕುಗ್ಗಿದ್ದು ಅಂತ ಹೇಳಬೇಕಾಗುತ್ತೆ.

ಮುತ್ತಿನ ವಿಷಯಕ್ಕೂ ಇದೇ ಉತ್ತರ. 42 ಬಲ ಇರುವ ಚಂದ್ರನಿಗೆ ಯಾಕೆ ಮುತ್ತು? "ನಿನ್ನ ಮನಸ್ಸಿನಲ್ಲಿ ಏನೋ ಕೊರತೆ ಇದೆ" ಅಂತ ಮದುವೆಗೆ ಮುಂಚೆಯೇ ಹುಡುಗಿಯ ಕೈಗೆ ಒಂದು ಗುರುತು ಕಟ್ಟಿದ ಹಾಗೆ ಆಗುತ್ತೆ ಅಷ್ಟೇ.

ಜಾತಕಸೇವಕ

ಮುತ್ತಿನಿಂದ ಕೆಡುಕಂತೂ ಇಲ್ಲ. ನನ್ನ ಗುರುಗಳು ಕಲಿಸಿದ್ದು ಪಾಡ್ಯದಿಂದಲೇ. ನಾನು ಅದನ್ನು ಬಿಡಲ್ಲ. ಆದರೆ ಪಂಚಮಿಯವರೆಗೆ ದೋಷ ತೀರಾ ಸೌಮ್ಯ ಅಂತ ಒಪ್ಪುತ್ತೇನೆ. ಬಹುಳ ದಶಮಿ ದಾಟಿದ ಜಾತಕಗಳಲ್ಲಿ ನಾನು ಹೇಳಿದ ಬೇಜಾರಿನ ಸ್ವಭಾವ ಎದ್ದು ಕಾಣುತ್ತೆ.

ತಿಥಿಲೆಕ್ಕ

ಏಕಾದಶಿಯಿಂದ ಆಚೆ ನಿಮ್ಮದು ನನ್ನದು ಒಂದೇ ಮಾತು. ಅಲ್ಲಿ ಬೆಳಕೂ ಕಡಿಮೆ, ದಿಕ್ಕೂ ಒಳಮುಖ, ಎರಡೂ ಸೇರುತ್ತೆ.

ಇರುಳುಮಲ್ಲಿಗೆ

ನನ್ನದನ್ನೂ ಹೇಳಲೇ? ನಾನು ಬಹುಳ ಚತುರ್ದಶಿ, ನನ್ನ ಗಂಡ ಶುಕ್ಲ ಬಿದಿಗೆ. ಮದುವೆಯ ಹೊತ್ತಿಗೆ ಯಾರೂ ಇದನ್ನ ನೋಡಿರಲಿಲ್ಲ, ಕೂಟ ಬಂತು, ಮುಗಿಯಿತು. ಈಗ ಇಲ್ಲಿ ಓದಿ ಮೈ ಜುಮ್ಮೆಂದಿತು. ನಮ್ಮಿಬ್ಬರಿಗೂ ಜಗಳ ಅಂದರೆ ಆಗಲ್ಲ. ಮನೆಗೆ ಯಾರಾದರೂ ಮುಖ ಗಂಟು ಹಾಕಿಕೊಂಡು ಬಂದರೆ ಇಬ್ಬರಿಗೂ ಆ ದಿನವೇ ಹಾಳು. ಆದರೆ ಒಂದು ವ್ಯತ್ಯಾಸ ಇದೆ. ನನಗೆ ಆಗ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕು. ಅವರಿಗೆ ನಾನು ಪಕ್ಕದಲ್ಲಿ ಕೂತಿರಬೇಕು. ಮಾತೂ ಬೇಡ, ಸುಮ್ನೆ ಕೂತಿದ್ದರೆ ಸಾಕು. ನಾನು ಎದ್ದು ಹೋದರೆ ಅವರಿಗೆ ನಾನೇ ಕೋಪ ಮಾಡಿಕೊಂಡೆ ಅನ್ನಿಸುತ್ತೆ. ಎಷ್ಟೋ ವರ್ಷ ಇದರಲ್ಲೇ ಕಳೆದಿದ್ದೇವೆ. ಇದಕ್ಕೂ ಚಂದ್ರನಿಗೂ ಸಂಬಂಧ ಇದೆಯಾ?

ತಿಥಿಲೆಕ್ಕ

ಅಮ್ಮಾ, ನೀವು ಬರೆದದ್ದರಲ್ಲಿ ಎರಡೂ ಎಳೆ ಬೇರೆ ಬೇರೆಯಾಗಿ ಕಾಣುತ್ತಿವೆ. ಇಬ್ಬರಿಗೂ ಬೇರೆಯವರ ಮನಸ್ಥಿತಿ ಅಂಟುವುದು ಬೆಳಕು ಕಡಿಮೆ ಇರುವ ಲಕ್ಷಣ, ಅದು ಇಬ್ಬರಿಗೂ ಸಮ. ಒಬ್ಬರಿಗೆ ಬಾಗಿಲು ಹಾಕಬೇಕು, ಇನ್ನೊಬ್ಬರಿಗೆ ಪಕ್ಕದಲ್ಲಿ ಜನ ಬೇಕು ಅನ್ನುವುದು ದಿಕ್ಕು. ಮುಗಿಯುತ್ತಿರುವ ಚಂದ್ರನಿಗೆ ಏಕಾಂತ ಬೇಕು. ಈಗಷ್ಟೇ ಶುರುವಾದ ಚಂದ್ರನಿಗೆ ಆಸರೆ ಬೇಕು. ಬಿದಿಗೆಯವರನ್ನು ನಾನು ಯಾವಾಗಲೂ ಹೀಗೆಯೇ ಓದುತ್ತೇನೆ.

ಇಂಥ ಜೋಡಿಯಲ್ಲಿ ನಾನು ಆಮೇಲೆ ನೋಡುವುದು ಗುರುವನ್ನು. ಇಬ್ಬರ ಚಂದ್ರನೂ ಬಡವಾಗಿದ್ದಾಗ ಕನಿಷ್ಠ ಒಬ್ಬರ ಚಂದ್ರನ ಮೇಲಾದರೂ ಗುರುವಿನ ದೃಷ್ಟಿ ಇದೆಯಾ ಅಂತ. ಇದ್ದರೆ ಆ ಒಬ್ಬರು ಮೊದಲು ಚೇತರಿಸಿಕೊಳ್ಳುತ್ತಾರೆ, ಇನ್ನೊಬ್ಬರು ಅವರನ್ನು ಹಿಡಿದುಕೊಂಡು ಏಳುತ್ತಾರೆ. ಇಬ್ಬರಿಗೂ ಇಲ್ಲದೆ, ಜೊತೆಗೆ ಶನಿಯ ನೋಟವೂ ಬಿದ್ದಿದ್ದರೆ ಮನೆಯಲ್ಲಿ ಮೌನ ಉದ್ದವಾಗುತ್ತೆ.

ಎಂಟುಕಲೆ

ನಾನು ಪಾಶ್ಚಾತ್ಯ ಪದ್ಧತಿಯಲ್ಲಿ ನೋಡುವವಳು. ಅಲ್ಲಿ ಡೇನ್ ರುಧ್ಯಾರ್ ಚಂದ್ರನ ಸುತ್ತನ್ನು 45 ಡಿಗ್ರಿಯ ಎಂಟು ಹಂತಗಳಾಗಿ ಓದಿದರು. ನಾವು ಬಲ ಲೆಕ್ಕ ಹಾಕುವುದಿಲ್ಲ, ಹಂತ ನೋಡುತ್ತೇವೆ. ಹಾಗೆ ನೋಡಿದರೆ ಹುಡುಗ ಮೂರನೇ ಹಂತದಲ್ಲಿದ್ದಾನೆ, ಅರ್ಧಚಂದ್ರನ ಹಂತ. ಅದನ್ನು ಕೆಲಸದಲ್ಲಿ ಎದುರಾಗುವ ಬಿಕ್ಕಟ್ಟು ಅಂತ ಓದುತ್ತೇವೆ. ಏನಾದರೂ ಅಡ್ಡ ಬಂದರೆ ಕೂಡಲೇ ಏನಾದರೂ ಮಾಡಲೇಬೇಕು ಅನ್ನುವವರು. ಇದು ನಿಮ್ಮ ಓದಿಗೆ ಹೊಂದುತ್ತೆ.

ಹುಡುಗಿಯದು ಮಾತ್ರ ಹೊಂದುವುದಿಲ್ಲ. 234 ಡಿಗ್ರಿ ಆರನೇ ಹಂತ, 225ರಿಂದ 270ರವರೆಗೆ. ಹುಣ್ಣಿಮೆಯಲ್ಲಿ ಕಂಡುಕೊಂಡದ್ದನ್ನು ಇತರರಿಗೆ ಹಂಚುವ ಹಂತ ಅದು. ಮಾತಾಡುವವರು, ತಿಳಿಸಿ ಹೇಳುವವರು. ನೀವು ಬಹುಳ ಅಂದರೆ ಒಳಮುಖ ಅನ್ನುತ್ತೀರಿ, ನಮ್ಮಲ್ಲಿ ಈ ಭಾಗ ಹೊರಮುಖ. ಒಳಕ್ಕೆ ತಿರುಗುವುದು 315 ದಾಟಿದ ಕೊನೆಯ ಹಂತದಲ್ಲಿ. ಇರುಳುಮಲ್ಲಿಗೆ ಅವರು ಅಲ್ಲಿಗೆ ಸೇರುತ್ತಾರೆ.

ತಿಥಿಲೆಕ್ಕ

ಇದು ಯೋಚಿಸಬೇಕಾದ ಮಾತು. ಹುಡುಗಿ ಮಾರನೇ ದಿನ ಎಲ್ಲವನ್ನೂ ಬಿಡಿಸಿ ಹೇಳುವುದು ನಿಮ್ಮ ಹಂಚುವ ಹಂತಕ್ಕೆ ಸರಿಯಾಗಿ ಕೂರುತ್ತೆ. ಮೊದಲ ರಾತ್ರಿಯ ಮೌನ ಕೂರುವುದಿಲ್ಲ. ನನ್ನ ಓದಿನಲ್ಲಿ ಎರಡೂ ಕೂರುತ್ತೆ ಅಂತ ನನಗನ್ನಿಸುತ್ತೆ. ಆದರೆ ನೀವು ಹೇಳುವ ಹಾಗೆ ಬಹುಳದ ಹದಿನೈದು ತಿಥಿಗೂ ಒಂದೇ ಒಳಮುಖ ಅಂತ ಹಚ್ಚುವುದು ಒರಟು. ಬಹುಳ ತದಿಗೆಯವರಿಗೂ ದ್ವಾದಶಿಯವರಿಗೂ ಬಹಳ ದೂರ ಇದೆ.

ಎಂಟುಕಲೆ

ಮೊದಲ ರಾತ್ರಿಯ ಮೌನವನ್ನು ನಾನಾದರೆ ಚಂದ್ರನಿಂದ ಓದುತ್ತಲೇ ಇರಲಿಲ್ಲ. ಎದುರಿಗಿರುವವನು ಒತ್ತಾಯ ಮಾಡಿದ್ದಕ್ಕೆ ಬಂದ ಮೌನವೂ ಆಗಿರಬಹುದು ಅಲ್ವಾ. ಅವರೇ ಬರೆದಿದ್ದಾರೆ, ಕೇಳಿದಷ್ಟೂ ಉತ್ತರ ಚಿಕ್ಕದಾಗುತ್ತೆ ಅಂತ.

ಪುರಾವೆಕೇಳು

ಎಲ್ಲವನ್ನೂ ಓದಿದೆ. ಯಾರ ನಂಬಿಕೆಯನ್ನೂ ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಒಂದು ಹುಡುಗಿಯ ಮನಸ್ಸಿನ ಬಗ್ಗೆ ತೀರ್ಪು ಆಗುತ್ತಿರುವುದರಿಂದ ಬರೆಯುತ್ತಿದ್ದೇನೆ. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಶಾನ್ ಕಾರ್ಲ್‌ಸನ್ ಅವರ ಪರೀಕ್ಷೆಯೊಂದು ಪ್ರಕಟವಾಯಿತು. ಅನುಭವಿ ಜ್ಯೋತಿಷಿಗಳಿಗೆ ಜನ್ಮಕುಂಡಲಿ ಕೊಟ್ಟು, ಆ ವ್ಯಕ್ತಿಯ ಸ್ವಭಾವದ ವಿವರ ಯಾವುದು ಅಂತ ಮೂರರಲ್ಲಿ ಒಂದನ್ನು ಆರಿಸಲು ಹೇಳಿದ್ದರು. ಸುಮ್ನೆ ಊಹಿಸಿ ಆರಿಸಿದರೆ ಎಷ್ಟು ಸರಿ ಬರುತ್ತಿತ್ತೋ ಅದಕ್ಕಿಂತ ಹೆಚ್ಚು ಬರಲಿಲ್ಲ.

ಇಲ್ಲಿಯೂ ನೋಡಿ. ಹೊಸಬಾಳು ಅವರು ಮೊದಲೇ ಹುಡುಗಿಯ ಮೌನದ ಕಥೆ ಹೇಳಿಬಿಟ್ಟರು. ಆಮೇಲೆ ಬಂದ ಎಲ್ಲ ಓದೂ ಆ ಕಥೆಗೆ ಹೊಂದಿಕೊಂಡೇ ಬಂದವು. ಕಥೆ ಗೊತ್ತಿಲ್ಲದೆ 234 ಡಿಗ್ರಿ ಮಾತ್ರ ಕೊಟ್ಟಿದ್ದರೆ "ಮಾರನೇ ದಿನ ಮಾತಾಡುತ್ತಾಳೆ" ಅಂತ ಯಾರಾದರೂ ಹೇಳುತ್ತಿದ್ದರಾ?

ತಿಥಿಲೆಕ್ಕ

ನ್ಯಾಯವಾದ ಪ್ರಶ್ನೆ. ಆ ಪರೀಕ್ಷೆಯ ಕುಂಡಲಿಗಳು ಪಾಶ್ಚಾತ್ಯ ಪದ್ಧತಿಯವು, ಪಕ್ಷಬಲ ಅಲ್ಲಿ ಬಂದಿರಲಿಲ್ಲ. ಆದರೆ ಅದನ್ನು ಮುಂದಿಟ್ಟು ನಾನು ತಪ್ಪಿಸಿಕೊಳ್ಳಲ್ಲ. ನಿಮ್ಮ ಮುಖ್ಯ ಮಾತು ಕಥೆ ಮೊದಲು ಬಂತು ಅನ್ನುವುದು. ಅದಕ್ಕೇ ಎದುರಿಗೆ ಕೂತು ಜಾತಕ ನೋಡುವಾಗ ನಾನು ಮೊದಲು ನನ್ನ ಓದನ್ನು ಬರೆದಿಡುತ್ತೇನೆ, ಆಮೇಲೆ ಕೇಳುತ್ತೇನೆ. ಹೊಂದದಿದ್ದರೆ ಆ ಜಾತಕದಲ್ಲಿ ಪಕ್ಷದ ಮಾತನ್ನು ಅಲ್ಲಿಗೇ ಬಿಡುತ್ತೇನೆ. ಇಲ್ಲಿ ಹಾಗೆ ಮಾಡಲು ಆಗಲಿಲ್ಲ, ಅಷ್ಟರ ಮಟ್ಟಿಗೆ ಈ ಓದಿಗೆ ತೂಕ ಕಡಿಮೆ.

ಪಕ್ಷ ಒಂದರಿಂದಲೇ ಮದುವೆ ಬೇಕು ಬೇಡ ಅಂತ ತೀರ್ಮಾನ ಮಾಡುವುದನ್ನು ನಾನೂ ಒಪ್ಪಲ್ಲ. ಕೂಟದ 36 ಗುಣ ಇಡೀ ಚಂದ್ರನ ರಾಶಿ, ನಕ್ಷತ್ರದ ಮೇಲೆ ನಿಂತಿದೆ. ಅದರಲ್ಲಿ ಪಕ್ಷಕ್ಕೆ ಒಂದು ಗುಣವೂ ಇಲ್ಲ. ಪಕ್ಷ ಬೇರೆ ಅಂತ ಗುಣ ಕಳೆಯುವ ಪದ್ಧತಿಯೇ ಇಲ್ಲ.

ಹೊಸಬಾಳು ಅವರೇ, ನಿಮ್ಮ ಹಿರಿಯರಿಗೆ ಹೊಂದಾಣಿಕೆಯ ಚಿಂತೆ ಇದ್ದಿದ್ದರೆ ಹಿಡಿಯಬೇಕಾದ್ದು ಬೇರೆಯೇ ಇತ್ತು. ಸಿಂಹಕ್ಕೆ ಅಧಿಪತಿ ರವಿ, ತುಲಾಕ್ಕೆ ಶುಕ್ರ. ಇಬ್ಬರಿಗೂ ಮೈತ್ರಿ ಇಲ್ಲ. ಕೂಟದಲ್ಲಿ ಗ್ರಹಮೈತ್ರಿಗೆ ನಿಮಗೆ ಸೊನ್ನೆ ಬಿದ್ದಿರಬೇಕು, ಪಟ್ಟಿ ತೆಗೆದು ನೋಡಿ. ಅದನ್ನು ಹೀಗೆ ಓದುತ್ತೇವೆ. ಸಿಂಹಕ್ಕೆ ತಾನು ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ತುಲಾಕ್ಕೆ ಮಾತು ಸಮವಾಗಿರಬೇಕು, ಎದುರಿನವರ ದನಿ ಏರಿದರೆ ಅಲ್ಲಿಗೇ ನಿಲ್ಲಿಸುತ್ತೆ. ನೀವು ಹೇಳಿದ ಮೌನದಲ್ಲಿ ಇದರ ಪಾಲೂ ಇರಬಹುದು. ಎಂಟುಕಲೆ ಅವರ ಅನುಮಾನಕ್ಕೂ ಇದು ಹತ್ತಿರ ಬರುತ್ತೆ. ಇನ್ನು ಮೂರು ಹನ್ನೊಂದರ ಸಂಬಂಧ ಇರುವುದರಿಂದ ರಾಶಿ ಕೂಟ ಚೆನ್ನಾಗಿದೆ. ಅವರ ಚಂದ್ರನ ಜೊತೆ ಯಾರಿದ್ದಾರೆ, ಗುರು ಎಲ್ಲಿದ್ದಾನೆ?

ಹೊಸಬಾಳು

ಪಟ್ಟಿ ನೋಡಿದೆ ಸರ್, ಗ್ರಹಮೈತ್ರಿಗೆ ಸೊನ್ನೆಯೇ ಇದೆ. ಅವಳ ಚಂದ್ರನ ಜೊತೆ ಯಾರೂ ಇಲ್ಲ. ಗುರು ಮೇಷದಲ್ಲಿದ್ದಾನೆ.

ನಿನ್ನೆ ರಾತ್ರಿ ಅವಳ ಜೊತೆ ಮಾತಾಡಿದೆ. ತಿಥಿ, ಬಲ ಏನನ್ನೂ ಹೇಳಲಿಲ್ಲ. "ಮನಸ್ತಾಪ ಆದಾಗ ನಾನು ಆಗಲೇ ಕೇಳುವುದು ನಿನಗೆ ಹೇಗನ್ನಿಸುತ್ತೆ" ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ನೀವು ಕೇಳೋವಾಗ ನನಗೇ ಗೊತ್ತಿರಲ್ಲ ನನಗೇನಾಗಿದೆ ಅಂತ. ಗೊತ್ತಿಲ್ಲದೇ ಇರೋದನ್ನ ಹೇಗೆ ಹೇಳಲಿ. ಏನೋ ಒಂದು ಹೇಳಿದರೆ ಅದೇ ಜಗಳ ಆಗುತ್ತೆ." ಅವಳ ದನಿಯಲ್ಲಿ ಬೇಜಾರು ಇರಲಿಲ್ಲ. ಆಮೇಲೆ ಅವಳೇ ಕೇಳಿದಳು, "ಬೆಳಿಗ್ಗೆ ತನಕ ನಿಮಗೆ ಕಾಯೋಕೆ ಆಗಲ್ವಾ?" ನಿಜ ಹೇಳಬೇಕು ಅಂದರೆ ನನಗೆ ಕಷ್ಟ. ನಿದ್ದೆ ಬರಲ್ಲ.

ತಿಥಿಲೆಕ್ಕ

ಮೇಷದ ಗುರುವಿಗೆ ತುಲಾ ಏಳನೆಯ ಮನೆ. ನೇರವಾಗಿ ಅವರ ಚಂದ್ರನನ್ನು ನೋಡುತ್ತಾನೆ. 42 ಬಲ, ಮೇಲೆ ಗುರುದೃಷ್ಟಿ. ಈ ಚಂದ್ರನನ್ನು ಕುಗ್ಗುವ ಚಂದ್ರ ಅನ್ನಲು ನನಗೆ ಯಾವ ದಾರಿಯೂ ಕಾಣುತ್ತಿಲ್ಲ. ನಿಮ್ಮ ನಿದ್ದೆಯ ವಿಷಯಕ್ಕೆ ನಿಮ್ಮದೇ ಚಂದ್ರನನ್ನು ನೋಡಬೇಕು. ಅಲ್ಲಿ ಶನಿ, ರಾಹು ಹತ್ತಿರ ಇದ್ದಾರಾ ಅಂತ ಹೇಳಿ.

ಜಾತಕಸೇವಕ

ಗುರುದೃಷ್ಟಿ ಇದೆ ಅಂದಮೇಲೆ ನನ್ನ ಆಕ್ಷೇಪವೂ ಇಲ್ಲ. ಮುತ್ತು ಬೇಡ. ಇದನ್ನ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಪುರಾವೆಕೇಳು

ಹುಡುಗಿ ಹೇಳಿದ ಆ ಎರಡು ವಾಕ್ಯದಲ್ಲೇ ಹೊಸಬಾಳು ಅವರ ಪ್ರಶ್ನೆಗೆ ಉತ್ತರ ಇದೆ ಅಂತ ನನಗನ್ನಿಸುತ್ತೆ. ಅದಕ್ಕೆ ಡಿಗ್ರಿ ಬೇಕಾಗಿರಲಿಲ್ಲ.

ಎಂಟುಕಲೆ

ಬೇಕಾಗಿರಲಿಲ್ಲ ನಿಜ. ಆದರೆ ಈ ಚರ್ಚೆ ನಡೆಯದಿದ್ದರೆ ಅವರು ಹಾಗೆ ಕೇಳುತ್ತಿದ್ದರೋ ಇಲ್ಲವೋ.

ಇರುಳುಮಲ್ಲಿಗೆ

ನನ್ನದೊಂದು ಅನುಮಾನ ಉಳಿದಿದೆ. ಕ್ಯಾಲೆಂಡರ್‌ನಲ್ಲಿ ನಾನು ಹುಟ್ಟಿದ ದಿನ ಬಹುಳ ಚತುರ್ದಶಿ. ಮೊಬೈಲ್ ಆ್ಯಪ್ ಅಮಾವಾಸ್ಯೆ ತೋರಿಸುತ್ತೆ. ಹುಟ್ಟಿದ್ದು ಸಂಜೆ. ಅದೂ ಅಮ್ಮ ನೆನಪಿನಿಂದ ಹೇಳಿದ ಸಮಯ, ಒಂದು ಗಂಟೆ ಆಚೀಚೆ ಇರಬಹುದು. ಅಯನಾಂಶ ಬದಲಾಯಿಸಿ ನೋಡು ಅಂತ ಒಬ್ಬರು ಹೇಳಿದರು. ಹಾಗೆ ಮಾಡಿದರೆ ನಾನು ಶುಕ್ಲ ಪಾಡ್ಯಕ್ಕೆ ಹೋಗಿಬಿಡುತ್ತೇನಾ? ಹಾಗಾದರೆ ನನ್ನ ದಿಕ್ಕೇ ಬದಲಾಗುತ್ತಲ್ಲ.

ತಿಥಿಲೆಕ್ಕ

ಅಯನಾಂಶದಿಂದ ತಿಥಿ ಬದಲಾಗಲ್ಲಮ್ಮ. ಅಯನಾಂಶ ರವಿ, ಚಂದ್ರ ಇಬ್ಬರನ್ನೂ ಒಂದೇ ಅಳತೆಯಲ್ಲಿ ಸರಿಸುತ್ತೆ, ಅವರ ನಡುವಿನ ಅಂತರ ಹಾಗೇ ಇರುತ್ತೆ. ಯಾವ ಪದ್ಧತಿ ಇಟ್ಟರೂ ಪಕ್ಷಬಲ ಒಂದೇ. ನಿಮ್ಮ ಕ್ಯಾಲೆಂಡರಿಗೂ ಆ್ಯಪಿಗೂ ವ್ಯತ್ಯಾಸ ಬಂದಿರುವುದು ಸೂರ್ಯೋದಯದ ತಿಥಿ ಮುಗಿದು ಸಂಜೆಗೆ ಮುಂದಿನದು ಬಂದಿದ್ದರಿಂದ ಇರಬೇಕು. ಆ್ಯಪಿನಲ್ಲಿ ಸಮಯ ವಲಯ ಸರಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಗಂಟೆಯ ಅನುಮಾನಕ್ಕೆ ಹೆದರಬೇಡಿ. ರವಿ ಚಂದ್ರರ ಅಂತರ ಗಂಟೆಗೆ ಸುಮಾರು ಅರ್ಧ ಡಿಗ್ರಿ ಮಾತ್ರ ಬೆಳೆಯುತ್ತೆ. ಆ್ಯಪಿನಲ್ಲಿ ನಿಮ್ಮ ಅಂತರ ಎಷ್ಟು ಅಂತ ತೆಗೆಯಿರಿ. 358 ದಾಟಿದ್ದರೆ ಮಾತ್ರ ಸಮಯವನ್ನು ಇನ್ನೂ ನಿಖರವಾಗಿ ಹುಡುಕಬೇಕು.

ಇರುಳುಮಲ್ಲಿಗೆ

351 ಬಂತು.

ತಿಥಿಲೆಕ್ಕ

ಹಾಗಾದರೆ ಅಮಾವಾಸ್ಯೆ ತಿಥಿಯೇ, ಶುಕ್ಲಕ್ಕೆ ಇನ್ನೂ 9 ಡಿಗ್ರಿ ಇದೆ. ಅಂದರೆ ಸುಮಾರು ಹದಿನೆಂಟು ಗಂಟೆ. ಅಮ್ಮ ಹೇಳಿದ ಸಮಯ ಒಂದೆರಡು ಗಂಟೆ ಹೆಚ್ಚು ಕಡಿಮೆ ಆದರೂ ದಿಕ್ಕು ಬದಲಾಗಲ್ಲ. ಪಕ್ಷಬಲ 3. ಇನ್ನು ನಿಮ್ಮ ಯಜಮಾನರ ಸ್ಫುಟ ಹಾಕಿ, ಗುರು ಇಬ್ಬರಲ್ಲಿ ಯಾರ ಚಂದ್ರನನ್ನು ನೋಡುತ್ತಾನೆ ಅಂತ ನೋಡೋಣ.